ರೀಫಂಡ್‌ಗೆ ಲಿಂಕ್ ಬೇಕಿಲ್ಲ

ಕಟ್ಟಬೇಕಾದ್ದಕ್ಕಿಂತ ಹೆಚ್ಚಾಗಿ ಕಟ್ಟಿದ ಆದಾಯ ತೆರಿಗೆ ಹಿಂದಿರುಗಿ ಬರುವುದಕ್ಕೆ ರೀಫಂಡ್ ಎನ್ನುತ್ತಾರೆ. ಹೆಚ್ಚು ಕಟ್ಟಿದವರು ಬೇಕೆಂದು ಕಟ್ಟಿರುವುದಿಲ್ಲ. ನಿವೃತ್ತ ಶಿಕ್ಷಕರೊಬ್ಬರ ಠೇವಣಿಯ ಬಡ್ಡಿಯಲ್ಲಿ ಬ್ಯಾಂಕು ಶೇ. 10ರಷ್ಟನ್ನು ಟಿಡಿಎಸ್ ಎಂದು ಮೊದಲೇ ಮುರಿದುಕೊಂಡಿರುತ್ತದೆ. ವರ್ಷದ ಕೊನೆಗೆ ಲೆಕ್ಕ ಹಾಕಿದರೆ ಅವರ ಒಟ್ಟು ಆದಾಯ ತೆರಿಗೆಯ ಮಿತಿಯೊಳಗೇ ಇರುತ್ತದೆ. ಮುರಿದುಕೊಂಡದ್ದನ್ನು ವಾಪಸು ಪಡೆಯಲು ಅವರು ರಿಟರ್ನ್ಸ್ ಸಲ್ಲಿಸಿ ಕಾಯುತ್ತಾರೆ. ಸಂಬಳದಾರರು, ಕಮಿಷನ್ ಮೇಲೆ ದುಡಿಯುವವರು, ಬಾಡಿಗೆ ಪಡೆಯುವವರು ಹೀಗೆ ಕಾಯುವವರ ಸಾಲು ಉದ್ದವಿದೆ. ಬರಬೇಕಾದ ಹಣವೊಂದು ನಿಜವಾಗಿಯೂ ಇದೆ, ಎಂದು ಬರುತ್ತದೆಂಬುದು ಗೊತ್ತಿಲ್ಲ. ಈ ಹೊತ್ತಿನಲ್ಲೇ ಮೊಬೈಲಿಗೆ ಒಂದು ಸಂದೇಶ ಬರುತ್ತದೆ: ನಿಮ್ಮ ರೀಫಂಡ್ ಮಂಜೂರಾಗಿದೆ, ಕೆಳಗಿನ ಲಿಂಕ್ ಒತ್ತಿ ಬ್ಯಾಂಕ್ ವಿವರ ಕೊಡಿ.

ಲಾಟರಿ ಬಂತೆಂಬ ಸಂದೇಶವನ್ನು ಈಗ ಹೆಚ್ಚಿನವರು ನಂಬುವುದಿಲ್ಲ, ಏಕೆಂದರೆ ಅವರು ಲಾಟರಿ ಕೊಂಡೇ ಇರುವುದಿಲ್ಲ. ರೀಫಂಡ್ ಸಂದೇಶದ ಬಲವೆಂದರೆ ಅದನ್ನು ಪಡೆದ ಅನೇಕರು ರಿಟರ್ನ್ಸ್ ಸಲ್ಲಿಸಿರುವುದು ನಿಜ. ಕಳುಹಿಸಿದವನಿಗೆ ಯಾರು ಸಲ್ಲಿಸಿದ್ದಾರೆ, ಯಾರು ಇಲ್ಲ ಎಂಬುದು ತಿಳಿದಿರಬೇಕಾಗಿಲ್ಲ. ಜುಲೈನಿಂದ ಸೆಪ್ಟೆಂಬರ್‌ವರೆಗಿನ ರಿಟರ್ನ್ಸ್ ಕಾಲದಲ್ಲಿ ಲಕ್ಷ ಜನಕ್ಕೆ ಒಂದೇ ಸಂದೇಶ ಹೋದರೆ ಸಾಕು, ಅದು ತನಗೇ ಬಂದದ್ದೆಂದು ನಂಬುವವರು ತಾವಾಗಿ ಸಿಗುತ್ತಾರೆ.

ನಕಲಿಯನ್ನು ಗುರುತಿಸಲು ನಕಲಿಯ ಲಕ್ಷಣಗಳ ಪಟ್ಟಿಗಿಂತ ಅಸಲಿ ಹಣ ಬರುವ ದಾರಿಯನ್ನು ತಿಳಿಯುವುದು ಹೆಚ್ಚು ಉಪಯುಕ್ತ. ತೆರಿಗೆದಾರ `www.incometax.gov.in` ತಾಣದಲ್ಲಿ ರಿಟರ್ನ್ಸ್ ಸಲ್ಲಿಸುತ್ತಾನೆ. ಸಲ್ಲಿಸಿದ 30 ದಿನಗಳೊಳಗೆ ಆಧಾರ್ ಒಟಿಪಿಯಂಥ ವಿಧಾನದಲ್ಲಿ ಅದನ್ನು ದೃಢೀಕರಿಸುತ್ತಾನೆ. ಅಲ್ಲಿಂದ ಅದು ಸಿಪಿಸಿಗೆ, ಅಂದರೆ ಬೆಂಗಳೂರಿನಲ್ಲಿರುವ ಕೇಂದ್ರೀಕೃತ ಸಂಸ್ಕರಣಾ ಕೇಂದ್ರಕ್ಕೆ ಹೋಗುತ್ತದೆ. ದೇಶದ ಯಾವ ಮೂಲೆಯಿಂದ ಸಲ್ಲಿಸಿದ ರಿಟರ್ನ್ಸಾದರೂ ಲೆಕ್ಕಕ್ಕೆ ಬರುವುದು ಈ ಊರಿಗೇ. ಕೇಂದ್ರದ ಗಣಕವು ಟಿಡಿಎಸ್ ದಾಖಲೆಗಳೊಂದಿಗೆ ತಾಳೆ ನೋಡಿ, ಎಷ್ಟು ವಾಪಸು ಬರಬೇಕೆಂದು ನಿರ್ಧರಿಸಿ, ತೆರಿಗೆದಾರನ ಇಮೇಲಿಗೆ ಒಂದು ತಿಳಿವಳಿಕೆ ಪತ್ರ ಕಳುಹಿಸುತ್ತದೆ. ಈ ಪತ್ರಕ್ಕೆ ಬೀಗವಿರುತ್ತದೆ: ಸಣ್ಣಕ್ಷರದಲ್ಲಿ ಪ್ಯಾನ್, ಅದಕ್ಕೆ ಅಂಟಿದಂತೆ ಹುಟ್ಟಿದ ದಿನಾಂಕ ಬರೆದರೆ ಮಾತ್ರ ತೆರೆದುಕೊಳ್ಳುತ್ತದೆ. ಬಳಿಕ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದ ಮೂಲಕ ಹಣ ತೆರಿಗೆದಾರನ ಖಾತೆಗೆ ಜಮೆಯಾಗುತ್ತದೆ.

ಯಾವ ಖಾತೆಗೆ ಎಂಬುದು ಇಲ್ಲಿ ಮುಖ್ಯ. 2019ರ ಮಾರ್ಚ್ 1ರಿಂದ ರೀಫಂಡ್ ನೇರವಾಗಿ ಬ್ಯಾಂಕ್ ಖಾತೆಗಷ್ಟೇ ಹೋಗುತ್ತದೆ, ಅದೂ ಪ್ಯಾನ್ ಜೋಡಣೆಯಾದ ಖಾತೆಗೆ. ತೆರಿಗೆದಾರ ತನ್ನ ಖಾತೆಯ ಸಂಖ್ಯೆಯನ್ನೂ ಐಎಫ್‌ಎಸ್‌ಸಿಯನ್ನೂ ಇಲಾಖೆಯ ತಾಣದಲ್ಲಿ ಮೊದಲೇ ದಾಖಲಿಸಬೇಕು. ಇಲಾಖೆ ಅದನ್ನು ಬ್ಯಾಂಕಿನೊಂದಿಗೆ ಪರಿಶೀಲಿಸಿ ಸಿಂಧುವೆಂದು ಒಪ್ಪಬೇಕು. ಹೀಗಿರುವಾಗ ರೀಫಂಡ್ ಮಂಜೂರಾದ ಮೇಲೆ ಖಾತೆ ಸಂಖ್ಯೆ ಕೇಳುವ ಸಂದರ್ಭವೇ ಇಲ್ಲ. ಕಾರ್ಡಿನ ಸಂಖ್ಯೆ, ಅದರ ಹಿಂಬದಿಯ ಸಿವಿವಿ, ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್, ಯುಪಿಐ ಪಿನ್ ಇವೆಲ್ಲ ಖಾತೆಯಿಂದ ಹಣ ತೆಗೆಯಲು ಬೇಕಾದವು. ಹಾಕುವವನಿಗೆ ಇವುಗಳಲ್ಲಿ ಒಂದೂ ಬೇಕಿಲ್ಲ. ಸಂದೇಶದ ಭಾಷೆ ಎಷ್ಟೇ ಸರಿಯಾಗಿರಲಿ, ಲಾಂಛನ ಎಷ್ಟೇ ಅಚ್ಚುಕಟ್ಟಾಗಿರಲಿ, ಈ ಒಂದು ಪರೀಕ್ಷೆಯಲ್ಲಿ ಅದು ಸೋಲುತ್ತದೆ.

2023ರ ಆಗಸ್ಟ್‌ನಲ್ಲಿ ಹರಿದಾಡಿದ ಒಂದು ಸಂದೇಶ ಈ ಜಾತಿಯ ಒಳ್ಳೆಯ ಮಾದರಿ. ಕೇಂದ್ರ ಸರ್ಕಾರದ ವಾರ್ತಾ ಶಾಖೆ ಪಿಐಬಿಯ ಸತ್ಯಶೋಧನಾ ವಿಭಾಗವೇ ಅದು ನಕಲಿಯೆಂದು ಪ್ರಕಟಿಸಬೇಕಾಯಿತು. ಅದರ ಸಾರ ಇಷ್ಟು: ನಿಮಗೆ 15,490 ರೂಪಾಯಿ ಆದಾಯ ತೆರಿಗೆ ರೀಫಂಡ್ ಮಂಜೂರಾಗಿದೆ, ಹಣ ಸದ್ಯದಲ್ಲೇ ಜಮೆಯಾಗಲಿದೆ, 5XXXXX6755 ಎಂಬ ಖಾತೆ ಸಂಖ್ಯೆಯನ್ನು ಪರಿಶೀಲಿಸಿ, ಸರಿಯಿಲ್ಲದಿದ್ದರೆ ಕೆಳಗಿನ ಲಿಂಕಿನಲ್ಲಿ ಬ್ಯಾಂಕ್ ಮಾಹಿತಿ ತಿದ್ದಿ.

ನಾಲ್ಕೇ ವಾಕ್ಯಗಳು, ಆದರೆ ಬರೆದವನು ಜನರ ಮನಸ್ಸನ್ನು ಬಲ್ಲವನು. ಮೊತ್ತ ಹದಿನೈದು ಸಾವಿರವೆಂದು ದುಂಡಗಿಲ್ಲ, ಯಾರೋ ಕೂತು ಲೆಕ್ಕ ಹಾಕಿದಂತಿದೆ. ಅನುಮಾನ ಹುಟ್ಟಿಸುವಷ್ಟು ದೊಡ್ಡದಲ್ಲ, ಬಿಟ್ಟುಬಿಡುವಷ್ಟು ಚಿಕ್ಕದೂ ಅಲ್ಲ. ಆದರೆ ನಿಜವಾದ ಗಾಳ ಇರುವುದು ಖಾತೆ ಸಂಖ್ಯೆಯಲ್ಲಿ. ಅದು ಓದುಗನ ಖಾತೆಯಲ್ಲ, ಆಗಿರಬೇಕೆಂಬ ಉದ್ದೇಶವೂ ಬರೆದವನಿಗಿಲ್ಲ. ‘ಇದು ನನ್ನ ನಂಬರಲ್ಲವಲ್ಲ, ನನ್ನ ದುಡ್ಡು ಬೇರೆ ಯಾರಿಗೋ ಹೋಗಿಬಿಡುತ್ತದೆ’ ಎಂಬ ಗಾಬರಿ ಹುಟ್ಟಬೇಕೆಂದೇ ತಪ್ಪು ಸಂಖ್ಯೆಯನ್ನು ಕೊಡಲಾಗಿದೆ. ಸಾಮಾನ್ಯವಾಗಿ ತಪ್ಪು ವಿವರ ಕಂಡರೆ ಸಂದೇಶದ ಮೇಲಿನ ನಂಬಿಕೆ ಹೋಗಬೇಕು. ಇಲ್ಲಿ ಅದೇ ತಪ್ಪು ಓದುಗನನ್ನು ಲಿಂಕಿನ ಕಡೆಗೆ ಓಡಿಸುತ್ತದೆ. ಆಸೆಯಿಂದ ಒತ್ತುವವರಿಗಿಂತ ತಿದ್ದುಪಡಿ ಮಾಡಲು ಹೋಗಿ ಒತ್ತುವವರಿಗಾಗಿ ಹೆಣೆದ ಬಲೆ ಇದು. ಲೆಕ್ಕಾಚಾರದಲ್ಲಿ ಶಿಸ್ತಿನವರು ಎನಿಸಿಕೊಂಡವರೂ ಇದಕ್ಕೆ ಸಿಕ್ಕಿಬೀಳಬಹುದು.

ಆ ಸಂದೇಶದಲ್ಲಿ ಇಲ್ಲದ್ದನ್ನೂ ಗಮನಿಸಬೇಕು. ಸಿಪಿಸಿಯಿಂದ ಬರುವ ಎಸ್‌ಎಂಎಸ್‌ನಲ್ಲಿ ಯಾವ ತೆರಿಗೆ ನಿರ್ಧರಣಾ ವರ್ಷದ ರಿಟರ್ನ್ಸ್ ಎಂಬುದೂ ಮಧ್ಯದ ಅಕ್ಷರಗಳನ್ನು ಮರೆಮಾಡಿದ ಪ್ಯಾನ್ ಕೂಡ ಇರುತ್ತವೆ. ಲಕ್ಷ ಜನಕ್ಕೆ ಒಂದೇ ಪಠ್ಯ ಕಳುಹಿಸುವವನಿಗೆ ಇವು ಗೊತ್ತಿರುವುದಿಲ್ಲ. ಹಾಗೆಂದು ಹೆಸರು, ಪ್ಯಾನ್ ಇದ್ದ ಮಾತ್ರಕ್ಕೆ ಸಂದೇಶ ಅಸಲಿಯಾಗುವುದಿಲ್ಲ. ಪ್ಯಾನ್ ಕಾರ್ಡಿನ ನಕಲನ್ನು ಸಿಮ್ ಅಂಗಡಿಯಿಂದ ಹಿಡಿದು ಲಾಡ್ಜಿನವರೆಗೆ ಎಲ್ಲೆಡೆ ಕೊಟ್ಟಿರುವವರ ವಿವರ ಎಲ್ಲಿಂದ ಬೇಕಾದರೂ ಸೋರಿರಬಹುದು.

ಲಿಂಕ್ ಒತ್ತಿದರೆ ತೆರೆಯುವ ಪುಟ ಇಲಾಖೆಯ ತಾಣದ ತದ್ರೂಪವಾಗಿರುತ್ತದೆ. ಅಂಥ ಪುಟ ಮಾಡುವುದು ಕಷ್ಟದ ಕೆಲಸವಲ್ಲ. ಅಸಲಿ ತಾಣದ ಚಿತ್ರ, ಬಣ್ಣ, ಅಕ್ಷರಗಳನ್ನು ಹಾಗೇ ಎತ್ತಿಕೊಳ್ಳಬಹುದು. ಮೊದಲು ಪ್ಯಾನ್, ಹುಟ್ಟಿದ ದಿನಾಂಕ, ಮೊಬೈಲ್ ಸಂಖ್ಯೆ ಕೇಳುತ್ತದೆ. ಇವು ಇಲಾಖೆ ಕೇಳಬಹುದಾದವೇ ಆದ್ದರಿಂದ ಕೈ ತಡೆಯುವುದಿಲ್ಲ. ಮುಂದಿನ ಪುಟದಲ್ಲಿ ಬ್ಯಾಂಕುಗಳ ಸಾಲು ಬರುತ್ತದೆ. ತನ್ನ ಬ್ಯಾಂಕನ್ನು ಆರಿಸಿದರೆ ಅದೇ ಬ್ಯಾಂಕಿನ ನೆಟ್ ಬ್ಯಾಂಕಿಂಗ್ ಪುಟದಂಥದ್ದು ತೆರೆಯುತ್ತದೆ. ಅಲ್ಲಿ ಬರೆದ ಹೆಸರು, ಪಾಸ್‌ವರ್ಡ್ ಬ್ಯಾಂಕಿಗೆ ಹೋಗುವುದಿಲ್ಲ, ಇನ್ನೊಂದು ತುದಿಯಲ್ಲಿ ಕೂತವನ ಕೈ ಸೇರುತ್ತವೆ. ಅವನು ಆ ಕ್ಷಣವೇ ಅಸಲಿ ಬ್ಯಾಂಕ್ ತಾಣದಲ್ಲಿ ಅವನ್ನು ಬಳಸುತ್ತಾನೆ. ಆಗ ಬ್ಯಾಂಕು ಖಾತೆದಾರನಿಗೆ ಒಟಿಪಿ ಕಳುಹಿಸುತ್ತದೆ. ಈ ಒಟಿಪಿ ಅಸಲಿಯೇ, ಬಂದದ್ದೂ ಬ್ಯಾಂಕಿನಿಂದಲೇ. ಅದಕ್ಕೇ ಅದು ಅಪಾಯಕಾರಿ. ಏತಕ್ಕಾಗಿ ಈ ಒಟಿಪಿ, ಎಷ್ಟು ಹಣ ಖಾತೆಯಿಂದ ಹೋಗಲಿದೆ ಎಂಬುದನ್ನು ಬ್ಯಾಂಕು ಅದೇ ಎಸ್‌ಎಂಎಸ್‌ನಲ್ಲಿ ಬರೆದಿರುತ್ತದೆ, ಆದರೆ ಅವಸರದಲ್ಲಿ ಜನ ಆರು ಅಂಕಿಗಳನ್ನಷ್ಟೇ ನೋಡುತ್ತಾರೆ. ನಕಲಿ ಪುಟದಲ್ಲಿ ಆ ಅಂಕಿಗಳನ್ನು ತುಂಬಿದರೆ ಕೆಲಸ ಮುಗಿಯಿತು.

ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದದ್ದು ಡ್ರಿನಿಕ್ ಎಂಬ ಕುತಂತ್ರಾಂಶ. ಎಸ್‌ಎಂಎಸ್ ಕದಿಯುವ ಸರಳ ತಂತ್ರಾಂಶವಾಗಿ 2016ರ ಸುಮಾರಿಗೆ ಕಾಣಿಸಿಕೊಂಡ ಇದು ಐದು ವರ್ಷದಲ್ಲಿ ಆದಾಯ ತೆರಿಗೆ ಇಲಾಖೆಯ ವೇಷ ಹಾಕಿಕೊಂಡಿತು. ದೇಶದ ಸೈಬರ್ ಸುರಕ್ಷತೆಯ ಹೊಣೆ ಹೊತ್ತ ಸರ್ಟ್-ಇನ್ ಸಂಸ್ಥೆ 2021ರ ಸೆಪ್ಟೆಂಬರ್‌ನಲ್ಲಿ ಎಚ್ಚರಿಕೆ ಹೊರಡಿಸಿ, 27ಕ್ಕೂ ಹೆಚ್ಚು ಬ್ಯಾಂಕುಗಳ ಗ್ರಾಹಕರು ಇದರ ಗುರಿಯಾಗಿದ್ದಾರೆಂದು ಹೇಳಿತು. ಸಂದೇಶದ ಲಿಂಕ್ ಒಂದು ಪುಟಕ್ಕೆ ಒಯ್ಯುತ್ತಿತ್ತು, ಪುಟವು ಪರಿಶೀಲನೆಗಾಗಿ ಆ್ಯಪ್ ಒಂದನ್ನು ಹಾಕಿಕೊಳ್ಳುವಂತೆ ಹೇಳುತ್ತಿತ್ತು. ಪ್ಲೇ ಸ್ಟೋರ್‌ನಿಂದಲ್ಲ, ನೇರವಾಗಿ `.apk` ಕಡತವಾಗಿ. ಆ್ಯಪ್ ಮೊದಲು ಎಸ್‌ಎಂಎಸ್ ಓದಲು, ಕರೆಗಳ ದಾಖಲೆ ನೋಡಲು ಅನುಮತಿ ಕೇಳುತ್ತಿತ್ತು. ನಂತರ ಪ್ಯಾನ್, ಆಧಾರ್, ಖಾತೆ ಸಂಖ್ಯೆಯಿಂದ ಹಿಡಿದು ಡೆಬಿಟ್ ಕಾರ್ಡಿನ ಪಿನ್‌ವರೆಗೆ ಎಲ್ಲವನ್ನೂ ತುಂಬಿಸಿಕೊಳ್ಳುತ್ತಿತ್ತು. ಕೊನೆಗೆ ರೀಫಂಡ್ ಮೊತ್ತ ತೋರಿಸಿ ‘ಟ್ರಾನ್ಸ್‌ಫರ್’ ಒತ್ತಲು ಹೇಳಿ, ಒತ್ತಿದೊಡನೆ ಏನೋ ದೋಷವೆಂದು ತೋರಿಸಿ, ಅಪ್‌ಡೇಟ್ ಆಗುತ್ತಿದೆ ಎಂಬ ಪರದೆ ಎಳೆಯುತ್ತಿತ್ತು. ಮಾಲೀಕ ಅಪ್‌ಡೇಟ್ ಮುಗಿಯಲೆಂದು ಕಾಯುವಷ್ಟರಲ್ಲಿ ಅವನ ಸಂದೇಶಗಳು ವಂಚಕನಿಗೆ ರವಾನೆಯಾಗುತ್ತಿದ್ದವು. ಒಟಿಪಿಯನ್ನು ಅವನಿಂದ ಕೇಳುವ ಅಗತ್ಯವೇ ಇರಲಿಲ್ಲ.

ಮುಂದಿನ ವರ್ಷ ಇದೇ ಡ್ರಿನಿಕ್‌ನ ಹೊಸ ರೂಪವನ್ನು ಸೈಬಲ್ ಎಂಬ ಸೈಬರ್ ಸುರಕ್ಷಾ ಸಂಸ್ಥೆ ವಿವರಿಸಿತು. ಈ ಬಾರಿ ಆ್ಯಪ್ ನಕಲಿ ಪುಟದ ಬದಲು ಇಲಾಖೆಯ ಅಸಲಿ ತಾಣವನ್ನೇ ತನ್ನೊಳಗೆ ತೆರೆಯುತ್ತಿತ್ತು. ತೆರಿಗೆದಾರ ಅಸಲಿ ತಾಣಕ್ಕೇ ಲಾಗಿನ್ ಆಗುತ್ತಿದ್ದ. ಆ್ಯಪ್ ಅವನು ಒತ್ತಿದ ಅಕ್ಷರಗಳನ್ನೂ ಪರದೆಯನ್ನೂ ದಾಖಲಿಸಿಕೊಳ್ಳುತ್ತಿತ್ತು. ಕಣ್ಣು ಕಾಣದವರಿಗೆ ಪರದೆ ಓದಿ ಹೇಳಲು ಆಂಡ್ರಾಯ್ಡ್ ಫೋನಿನಲ್ಲಿ ಇರುವ ‘ಆಕ್ಸೆಸಿಬಿಲಿಟಿ’ ಸೌಲಭ್ಯವನ್ನು ಅದು ಇದಕ್ಕೆ ದುಡಿಸಿಕೊಳ್ಳುತ್ತಿತ್ತು. ಲಾಗಿನ್ ಸಫಲವಾದ ಮೇಲಷ್ಟೇ 57,100 ರೂಪಾಯಿ ರೀಫಂಡ್ ಬಾಕಿಯಿದೆ ಎಂಬ ಚೌಕ ಮೇಲೇಳುತ್ತಿತ್ತು. ಅದರ ಗುಂಡಿ ಒತ್ತಿದವರು ಕಾರ್ಡ್ ವಿವರ ಕೇಳುವ ನಕಲಿ ಪುಟಕ್ಕೆ ಹೋಗುತ್ತಿದ್ದರು. ವಿಳಾಸ ಸರಿಯಾಗಿದೆಯೇ ನೋಡಿ ಎಂಬ ಬುದ್ಧಿವಾದ ಇಲ್ಲಿ ಕೆಲಸ ಮಾಡುವುದಿಲ್ಲ, ಏಕೆಂದರೆ ಹೆಚ್ಚಿನ ಹೊತ್ತು ತೆರೆದಿದ್ದದ್ದು ಸರಿಯಾದ ವಿಳಾಸವೇ. ಕೆಟ್ಟದ್ದು ಫೋನಿನೊಳಗೆ ಹೊಕ್ಕಿತ್ತು. ಹೀಗಾಗಿ ಸಂದೇಶದ ಮೂಲಕ ಬಂದ ಯಾವ ಆ್ಯಪನ್ನೂ ಹಾಕಿಕೊಳ್ಳದಿರುವುದು ವಿಳಾಸ ಪರೀಕ್ಷೆಗಿಂತ ಮೊದಲ ಕಟ್ಟಳೆ.

ವಿಳಾಸ ಓದುವ ಕ್ರಮವನ್ನಂತೂ ತಿಳಿದಿರಲೇಬೇಕು. ಈ ಎರಡನ್ನು ನೋಡಿ:

```
https://www.incometax.gov.in/iec/foportal/
https://incometax.gov.in.refund-check.example/iec/
```

ಎರಡರಲ್ಲೂ `incometax.gov.in` ಇದೆ. ಆದರೆ ಎರಡನೆಯದು ಇಲಾಖೆಯದಲ್ಲ. `https://` ಆದ ಮೇಲೆ ಬರುವ ಮೊದಲ ಓರೆಗೆರೆಯವರೆಗಿನ ಭಾಗವಷ್ಟೇ ತಾಣದ ಹೆಸರು, ಅದನ್ನು ಕೊನೆಯಿಂದ ಹಿಂದಕ್ಕೆ ಓದಬೇಕು. ಅಂಚೆ ವಿಳಾಸದಲ್ಲಿ ಕೊನೆಯ ಸಾಲಿನ ಊರು ಕಾಗದ ಎಲ್ಲಿಗೆ ಹೋಗುತ್ತದೆಂದು ಹೇಳುವಂತೆ ಇಲ್ಲಿಯೂ ಕೊನೆಯ ತುಂಡುಗಳೇ ಒಡೆಯನನ್ನು ಹೇಳುತ್ತವೆ. ಎರಡನೆಯ ವಿಳಾಸದ ಒಡೆಯ `refund-check.example`. ಅದರ ಹಿಂದೆ ಅವನು ಏನನ್ನು ಬೇಕಾದರೂ ಜೋಡಿಸಿಕೊಳ್ಳಬಹುದು. `gov.in` ಎಂಬ ಕೊನೆ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಸಿಗುತ್ತದೆ. ಚುಕ್ಕೆಯ ಜಾಗದಲ್ಲಿ ಅಡ್ಡಗೆರೆ ಹಾಕಿ `gov-in` ಎಂದು ಬರೆದರೆ ಅದು ಬರೀ ಅಕ್ಷರ. ವಿಳಾಸದ ಪಕ್ಕದ ಬೀಗದ ಚಿಹ್ನೆಗೂ ಅಸಲಿತನಕ್ಕೂ ಸಂಬಂಧವಿಲ್ಲ. ಮಾಹಿತಿ ದಾರಿಯಲ್ಲಿ ಸೋರುವುದಿಲ್ಲ ಎಂದಷ್ಟೇ ಅದರ ಅರ್ಥ. ಕಳ್ಳನ ಮನೆಯವರೆಗೆ ಸುರಕ್ಷಿತವಾಗಿ ತಲುಪುತ್ತದೆ. ಲಿಂಕನ್ನು ಚಿಕ್ಕದಾಗಿಸಿದ್ದರೆ ಓದಲು ಏನೂ ಉಳಿಯುವುದಿಲ್ಲ, ಅದನ್ನು ತೆರೆಯದಿರುವುದೇ ಸರಿ.

ಕಳುಹಿಸಿದವರ ಹೆಸರಿನಿಂದಲೂ ಸ್ವಲ್ಪ ತಿಳಿಯುತ್ತದೆ. ಇಲಾಖೆಯ ಎಸ್‌ಎಂಎಸ್‌ಗಳು ಹತ್ತಂಕಿಯ ಮೊಬೈಲ್ ಸಂಖ್ಯೆಯಿಂದ ಬರುವುದಿಲ್ಲ. `ITDCPC`, `ITDEFL` ಮೊದಲಾದ ನೋಂದಾಯಿತ ಶೀರ್ಷಿಕೆಗಳಿಂದ ಬರುತ್ತವೆ. 2025ರಿಂದ ಸರ್ಕಾರಿ ಸಂದೇಶಗಳ ಶೀರ್ಷಿಕೆಯ ಕೊನೆಗೆ `-G` ಎಂಬ ಗುರುತೂ ಸೇರಿದೆ. ಮೊಬೈಲ್ ಸಂಖ್ಯೆಯಿಂದಲೋ ವಾಟ್ಸ್ಆ್ಯಪ್‌ನಲ್ಲಿ ಅಪರಿಚಿತರಿಂದಲೋ ಬಂದ ರೀಫಂಡ್ ಲಿಂಕನ್ನು ಹೀಗೆ ಕೂಡಲೇ ತಳ್ಳಿಹಾಕಬಹುದು. ಆದರೆ ಶೀರ್ಷಿಕೆ ಸರಿಯಿದೆ ಎಂಬುದೊಂದೇ ಕಾರಣಕ್ಕೆ ಲಿಂಕ್ ಒತ್ತುವುದು ಜಾಣತನವಲ್ಲ.

ವಿಷಯ ಗೊಂದಲವಾಗುವುದು ಇಲಾಖೆಯೇ ನಿಜವಾಗಿ ‘ನಿಮ್ಮ ರೀಫಂಡ್ ವಿಫಲವಾಗಿದೆ’ ಎಂದು ಬರೆದಾಗ. ಇದು ಅಪರೂಪವೇನಲ್ಲ. ಖಾತೆ ಮುಚ್ಚಿದ್ದರೆ, ಪ್ಯಾನ್‌ನಲ್ಲಿರುವ ಹೆಸರಿಗೂ ಬ್ಯಾಂಕಿನಲ್ಲಿರುವ ಹೆಸರಿಗೂ ತಾಳೆಯಾಗದಿದ್ದರೆ, ಐಎಫ್‌ಎಸ್‌ಸಿ ಬದಲಾಗಿದ್ದರೆ ಹಣ ಹಿಂದಕ್ಕೆ ಹೋಗುತ್ತದೆ. ಕರ್ನಾಟಕದಲ್ಲಿ ಐಎಫ್‌ಎಸ್‌ಸಿ ಬದಲಾವಣೆಯ ಬಿಸಿ ಹೆಚ್ಚು ತಟ್ಟಿತು. ಇಲ್ಲೇ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಏಪ್ರಿಲ್‌ನಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೂ, 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೂ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೂ ಸೇರಿದವು. ಸಿಂಡಿಕೇಟ್‌ನ `SYNB` ಎಂದು ಮೊದಲಾಗುವ ಸಂಕೇತಗಳು 2021ರ ಜುಲೈ 1ರಿಂದ ನಡೆಯದಾದವು. ಹಳೆಯ ಸಂಕೇತವನ್ನೇ ಇಲಾಖೆಯ ತಾಣದಲ್ಲಿ ಉಳಿಸಿಕೊಂಡವರು ಖಾತೆಯ ವಿವರ ತಿದ್ದಲೇಬೇಕಾಯಿತು. ಇಂಥ ಅನುಭವವಾದವರಿಗೆ ‘ಬ್ಯಾಂಕ್ ವಿವರ ಸರಿಪಡಿಸಿ’ ಎಂಬ ನಕಲಿ ಸಂದೇಶ ಅಸಹಜವೆನಿಸುವುದಿಲ್ಲ.

ಸಂದೇಶ ಅಸಲಿಯೋ ನಕಲಿಯೋ ಎಂದು ತಲೆಕೆಡಿಸಿಕೊಳ್ಳದೆ ಇದನ್ನು ಬಗೆಹರಿಸಬಹುದು. ಸಂದೇಶವನ್ನು ಅಲ್ಲೇ ಬಿಟ್ಟು, ಬ್ರೌಸರ್‌ನಲ್ಲಿ ಇಲಾಖೆಯ ವಿಳಾಸವನ್ನು ಕೈಯಾರೆ ಬರೆದು ಲಾಗಿನ್ ಆದರೆ, ಸಲ್ಲಿಸಿದ ರಿಟರ್ನ್ಸ್‌ಗಳ ಪಟ್ಟಿಯಲ್ಲಿ (`View Filed Returns`) ರೀಫಂಡ್ ಯಾವ ಹಂತದಲ್ಲಿದೆ ಎಂಬುದು ಕಾಣುತ್ತದೆ. ನಿಜಕ್ಕೂ ವಿಫಲವಾಗಿದ್ದರೆ ಅಲ್ಲೇ ಬರೆದಿರುತ್ತದೆ. `My Bank Account` ವಿಭಾಗದಲ್ಲಿ ಖಾತೆಯನ್ನು ಮತ್ತೆ ಸಿಂಧುಗೊಳಿಸಿ `Refund Reissue` ಕೋರಿಕೆ ಸಲ್ಲಿಸಿದರೆ ಹಣ ಮತ್ತೆ ಹೊರಡುತ್ತದೆ. ಅಲ್ಲಿಯೂ ಕಾರ್ಡಿನ ಸಂಖ್ಯೆ, ಪಿನ್, ಬ್ಯಾಂಕಿನ ಪಾಸ್‌ವರ್ಡ್ ಬರೆಯುವ ಅಂಕಣವಿರುವುದಿಲ್ಲ. ಅಸಲಿ ರೀಫಂಡ್ ‘ಇಂದು ರಾತ್ರಿಯೊಳಗೆ’ ರದ್ದಾಗುವುದೂ ಇಲ್ಲ. ತಡವಾದರೆ ಅರ್ಹ ಪ್ರಕರಣಗಳಲ್ಲಿ ತಿಂಗಳಿಗೆ ಶೇ. 0.5ರಂತೆ ಇಲಾಖೆಯೇ ಬಡ್ಡಿ ಸೇರಿಸಿ ಕೊಡುತ್ತದೆ.

ಲಿಂಕ್ ಒತ್ತಿ ವಿವರ ಕೊಟ್ಟಾಗಿದ್ದರೆ ಮುಂದಿನ ಕೆಲಸಗಳಿಗೆ ಒಂದು ಕ್ರಮವಿದೆ. ಮೊದಲು ಬ್ಯಾಂಕಿಗೆ ಕರೆ ಮಾಡಿ ಕಾರ್ಡ್, ನೆಟ್ ಬ್ಯಾಂಕಿಂಗ್, ಯುಪಿಐ ನಿಲ್ಲಿಸಬೇಕು. ಹಣ ಹೋಗಿದ್ದರೆ 1930ಕ್ಕೆ ಕರೆ ಮಾಡಬೇಕು ಅಥವಾ `cybercrime.gov.in` ತಾಣದಲ್ಲಿ ದೂರು ದಾಖಲಿಸಬೇಕು. ಕದ್ದ ಹಣ ಬಾಡಿಗೆಗೆ ಪಡೆದ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾರುತ್ತಾ ಕೊನೆಗೆ ನಗದಾಗುತ್ತದೆ. 1930ರ ವ್ಯವಸ್ಥೆ ಆ ಸರಪಳಿಯ ಬ್ಯಾಂಕುಗಳಿಗೆ ಸುದ್ದಿ ಮುಟ್ಟಿಸಿ, ಹಣ ಇನ್ನೂ ಇರುವ ಕಡೆ ತಡೆಹಿಡಿಸುತ್ತದೆ. ಆದ್ದರಿಂದ ಮನೆಯವರಿಗೆ ಹೇಗೆ ಹೇಳುವುದೆಂದು ಯೋಚಿಸುತ್ತಾ ಕಳೆದ ಒಂದು ರಾತ್ರಿ ದುಬಾರಿಯಾಗುತ್ತದೆ. ಆ್ಯಪ್ ಹಾಕಿಕೊಂಡಿದ್ದರೆ ಮೊದಲು ಫೋನಿನ ಡೇಟಾ, ವೈಫೈ ಆರಿಸಬೇಕು. ಬ್ಯಾಂಕಿಗೆ ಬೇರೆ ಫೋನಿನಿಂದ ಕರೆ ಮಾಡಿ, ಪಾಸ್‌ವರ್ಡ್‌ಗಳನ್ನು ಬೇರೆ ಸಾಧನದಿಂದ ಬದಲಿಸಬೇಕು. ಸೋಂಕಿರುವ ಫೋನಿನಲ್ಲೇ ಬದಲಿಸಿದರೆ ಹೊಸ ಪಾಸ್‌ವರ್ಡೂ ವಂಚಕನಿಗೆ ತಿಳಿಯುತ್ತದೆ. ಇಂಥ ಆ್ಯಪ್ ಅಳಿಸಲು ಬಿಡದಿದ್ದರೆ ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡುವುದೇ ದಾರಿ.

ಹೋದ ಹಣವನ್ನು ಬ್ಯಾಂಕು ತುಂಬಿಕೊಡುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಅಷ್ಟು ಹಿತವಾಗಿಲ್ಲ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ಬ್ಯಾಂಕಿನದೂ ಗ್ರಾಹಕನದೂ ತಪ್ಪಿಲ್ಲದ ವಂಚನೆಯನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ನಷ್ಟವಿಲ್ಲ. ಆದರೆ ಪಾಸ್‌ವರ್ಡ್, ಪಿನ್ ಮುಂತಾದವನ್ನು ಗ್ರಾಹಕನೇ ಕೊಟ್ಟಿದ್ದರೆ ಅದು ಅವನ ನಿರ್ಲಕ್ಷ್ಯ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಪೂರ್ತಿ ಅವನದೇ. ತಿಳಿಸಿದ ಮೇಲೆ ಹೋದ ಹಣಕ್ಕೆ ಮಾತ್ರ ಬ್ಯಾಂಕು ಹೊಣೆ. ಮೋಸಹೋದವನನ್ನು ನಿರ್ಲಕ್ಷ್ಯದವನೆನ್ನುವುದು ಕಟುವಾಗಿ ಕಾಣಬಹುದು. ಆದರೂ ಬ್ಯಾಂಕಿಗೆ ಕರೆ ಮಾಡಿದ ಹೊತ್ತು, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಬೇಕಾದದ್ದು ಈ ನಿಯಮದಿಂದಾಗಿಯೇ.

ಹಣ ಹೋಗದೆ ಸಂದೇಶವಷ್ಟೇ ಬಂದಿದ್ದರೂ ಅದನ್ನು ತಿಳಿಸಲು ಜಾಗವಿದೆ. ಇಲಾಖೆಯ ಹೆಸರಿನ ನಕಲಿ ಇಮೇಲನ್ನು `webmanager@incometax.gov.in` ವಿಳಾಸಕ್ಕೂ ಅದರ ಪ್ರತಿಯನ್ನು `incident@cert-in.org.in` ವಿಳಾಸಕ್ಕೂ ಕಳುಹಿಸಬಹುದು. ಅನುಮಾನದ ಎಸ್‌ಎಂಎಸ್, ವಾಟ್ಸ್ಆ್ಯಪ್ ಸಂದೇಶಗಳಿಗಾಗಿ ಸಂಚಾರ್ ಸಾಥಿ ತಾಣದಲ್ಲಿ 2024ರಿಂದ ‘ಚಕ್ಷು’ ಎಂಬ ವಿಭಾಗವಿದೆ.

ಪಾಸ್‌ವರ್ಡ್ ಬದಲಿಸಬಹುದು, ಕಾರ್ಡ್ ರದ್ದು ಮಾಡಿಸಬಹುದು. ನಕಲಿ ಪುಟದಲ್ಲಿ ಕೊಟ್ಟ ಪ್ಯಾನ್, ಆಧಾರ್, ಹುಟ್ಟಿದ ದಿನಾಂಕ ಮಾತ್ರ ಹಾಗೇ ಉಳಿಯುತ್ತವೆ. ಅವುಗಳಿಂದ ಬೇರೆಯವರ ಹೆಸರಿನಲ್ಲಿ ಸಣ್ಣ ಸಾಲ ಎತ್ತುವುದು ಈ ವಂಚನೆಯ ತಡವಾದ ಬಾಲ. ಅದು ಗೊತ್ತಾಗುವುದು ಕ್ರೆಡಿಟ್ ವರದಿಯಲ್ಲಿ. ಸಿಬಿಲ್ ಮೊದಲಾದ ಪ್ರತಿ ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬ ನಿಯಮವಿರುವುದರಿಂದ, ವಿವರ ಕೊಟ್ಟುಬಿಟ್ಟವರು ಒಂದೊಂದು ಸಂಸ್ಥೆಯಿಂದ ಬೇರೆ ಬೇರೆ ತಿಂಗಳಲ್ಲಿ ಅದನ್ನು ತರಿಸಿ ತಾವು ಮಾಡದ ಸಾಲ ಇದೆಯೇ ಎಂದು ನೋಡಬಹುದು. ಇಲಾಖೆಯ ತಾಣದಲ್ಲೇ ಸಿಗುವ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ, ಅಂದರೆ ಎಐಎಸ್‌ನಲ್ಲಿ, ತಮ್ಮ ಪ್ಯಾನ್‌ಗೆ ತಾವು ಕಾಣದ ಆದಾಯವೋ ವಹಿವಾಟೋ ಸೇರಿದ್ದರೆ ಅದನ್ನು ಒಪ್ಪುವುದಿಲ್ಲವೆಂದು ಆ ನಮೂದಿನ ಎದುರಿಗೇ ದಾಖಲಿಸುವ ಅವಕಾಶವೂ ಇದೆ.